ಹನ್ನೊಂದನೇ ಷರತ್ತು: ಯಾರ ಕಡೆಯಿಂದ ಓದುವುದು?

ಗುರುವಾರ ಸಂಜೆ ಏಳರ ಹೊತ್ತು. ಆಫೀಸಿನಲ್ಲಿ ಮರುದಿನದ ಫೈಲುಗಳನ್ನು ತೆಗೆದಿಡುತ್ತಿದ್ದೆ. ಗುರುತಿಲ್ಲದ ನಂಬರಿನಿಂದ ಒಂದು ವಾಟ್ಸಾಪ್ ಬಂತು. ನಮಸ್ಕಾರವಿಲ್ಲ, ಹೆಸರಿಲ್ಲ. ಒಂದು ಪ್ಯಾರಾ, ಅದರ ಕೆಳಗೆ ಒಂದೇ ಸಾಲು: "ಇದು ನ್ಯಾಯವಾಗಿದೆಯಾ ನೋಡಿ ಹೇಳಿ ಸಾರ್."

ಪ್ಯಾರಾ ಹೀಗಿತ್ತು:

"11. ಎರಡನೇ ಪಾರ್ಟಿಯವರು ಮೊದಲ 24 ತಿಂಗಳು ಪೂರೈಸುವ ಮುನ್ನ ಯಾವುದೇ ಕಾರಣದಿಂದ ಸದರಿ ಕರಾರಿನಿಂದ ಹೊರಹೋದಲ್ಲಿ, ಉಳಿದ ತಿಂಗಳುಗಳಿಗೆ ಸಲ್ಲತಕ್ಕ ಪೂರ್ತಿ ಮೊಬಲಗನ್ನು ಒಂದನೇ ಪಾರ್ಟಿಯವರಿಗೆ ಒಂದೇ ಕಂತಿನಲ್ಲಿ ಪಾವತಿಸತಕ್ಕದ್ದು. ಸದರಿ ಮೊಬಲಗನ್ನು ತಮ್ಮಲ್ಲಿರುವ ಠೇವಣಿಯಿಂದ ಮುರಿದುಕೊಳ್ಳಲು ಒಂದನೇ ಪಾರ್ಟಿಯವರು ಹಕ್ಕುಳ್ಳವರಾಗಿರುತ್ತಾರೆ. ಒಂದನೇ ಪಾರ್ಟಿಯವರು ಮೂರು ತಿಂಗಳ ನೋಟಿಸು ನೀಡಿ ಯಾವಾಗ ಬೇಕಾದರೂ ಕರಾರನ್ನು ರದ್ದುಪಡಿಸಬಹುದು."

ಇಂಥ ಮೆಸೇಜು ನನಗೆ ತಿಂಗಳಿಗೆ ನಾಲ್ಕಾದರೂ ಬರುತ್ತವೆ. ಕಳಿಸಿದವರು ಯಾರು, ಯಾವ ಕರಾರು, ಸಹಿ ಆಗಿದೆಯೋ ಇಲ್ಲವೋ, ಅವರನ್ನು ಕಾಡುತ್ತಿರುವುದೇನು, ಯಾವುದೂ ಅದರಲ್ಲಿ ಇರುವುದಿಲ್ಲ. ಬೇಕೆಂದೇ ಮುಚ್ಚಿಡುತ್ತಾರೆ ಅಂತಲ್ಲ. ಒಂದು ವಾರದಿಂದ ಆ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದವರಿಗೆ ಅದು ಯಾವುದರ ಕರಾರು ಎಂದು ಬೇರೆ ಹೇಳಬೇಕು ಅನ್ನುವುದೇ ಹೊಳೆಯುವುದಿಲ್ಲ. ಈ ಒಂದು ಪ್ರಕರಣವನ್ನು ಬಿಡಿಸಿ ಬರೆಯಲು ಕಾರಣ, ನಾನು ಮೊದಲು ಟೈಪು ಮಾಡಿದ ಉತ್ತರ ಪೂರಾ ತಪ್ಪಾಗಿತ್ತು. ಕಳಿಸುವ ಮುಂಚೆ ಅಳಿಸಿದೆ, ಬಚಾವಾದೆ. ಕಕ್ಷಿದಾರರ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಓದಿದ ಕೂಡಲೇ ಕೈ ತಾನಾಗಿ ಬರೆದದ್ದು ಇಷ್ಟು: "ಇದು ಪೂರ್ತಿ ಒಂದೇ ಕಡೆಗೆ ವಾಲಿದೆ. ಇದಕ್ಕೆ ಸಹಿ ಹಾಕಬೇಡಿ." ವಾಲಿರುವುದು ನಿಜ. ಎರಡನೇ ಪಾರ್ಟಿ ಬಿಟ್ಟರೆ ಪೂರ್ತಿ ದುಡ್ಡು ಕಕ್ಕಬೇಕು, ಒಂದನೇ ಪಾರ್ಟಿ ಬಿಡುವುದಾದರೆ ಮೂರು ತಿಂಗಳ ನೋಟಿಸು ಸಾಕು. ಆದರೆ "ಸಹಿ ಹಾಕಬೇಡಿ" ಎಂದು ಬರೆಯುವಾಗ ನಾನು ಒಂದು ಸಂಗತಿಯನ್ನು ಊಹಿಸಿಕೊಂಡಿದ್ದೆ: ಕೇಳುತ್ತಿರುವವರು ಎರಡನೇ ಪಾರ್ಟಿ. ವಕೀಲರ ಹತ್ತಿರ ಗೋಳು ಹೇಳಿಕೊಳ್ಳಲು ಬರುವವರು ಸಾಮಾನ್ಯವಾಗಿ ಪೆಟ್ಟು ತಿನ್ನುವ ಕಡೆಯವರೇ ಎಂಬ ಅಭ್ಯಾಸಬಲ ಅದು. ಮೆಸೇಜಿನಲ್ಲಿ ಅದಕ್ಕೆ ಒಂದಕ್ಷರದ ಆಧಾರವೂ ಇರಲಿಲ್ಲ.

ಪಕ್ಕದಲ್ಲಿದ್ದ ನನ್ನ ಜೂನಿಯರ್ ಫೋನಿಗೆ ಇಣುಕಿ, "ಪೂರ್ತಿ ಕರಾರು ನೋಡದೆ ಅಭಿಪ್ರಾಯ ಕೊಡೋಕಾಗಲ್ಲ ಅಂತ ಹಾಕಿಬಿಡಿ ಸರ್," ಅಂದ. ಸುರಕ್ಷಿತ ಉತ್ತರ. ಆದರೆ ಅಂಥ ಉತ್ತರ ಪಡೆದವರು ಮತ್ತೆ ಬರುವುದಿಲ್ಲ, ಪಕ್ಕದ ಮನೆಯವರನ್ನು ಕೇಳಿ ಸಹಿ ಹಾಕಿಬಿಡುತ್ತಾರೆ. ಹತ್ತು ಪ್ರಶ್ನೆಗಳ ಪಟ್ಟಿ ಕಳಿಸಿದರೂ ಅಷ್ಟೇ, ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಹಾಗಾಗಿ ಮೊದಲು ಆ ಪ್ಯಾರಾವನ್ನೇ ಇನ್ನೊಮ್ಮೆ ಓದೋಣ ಅಂದೆ. ಕಳಿಸಿದವರು ಹೇಳದಿದ್ದರೂ ಷರತ್ತಿನ ಮಾತುಗಳು ತುಂಬ ಹೇಳಿರುತ್ತವೆ.

ಮೊದಲನೆಯದಾಗಿ ಹಣ ಹರಿಯುವ ದಿಕ್ಕು. ಎರಡನೇ ಪಾರ್ಟಿ ತಿಂಗಳು ತಿಂಗಳು ಒಂದನೇ ಪಾರ್ಟಿಗೆ ದುಡ್ಡು ಕೊಡುತ್ತಾನೆ, ಅವನ ಠೇವಣಿಯೂ ಅಲ್ಲೇ ಇದೆ. ಅಂದರೆ ಇದು ನೌಕರಿಯ ಬಾಂಡ್ ಅಲ್ಲ, ಅಲ್ಲಿ ಸಂಬಳ ಹರಿಯುವುದು ಉಲ್ಟಾ ದಿಕ್ಕಿನಲ್ಲಿ. ಇದು ಸಣ್ಣ ಸಂಗತಿಯಲ್ಲ. ನೌಕರಿಯ ಬಾಂಡ್ ಆಗಿದ್ದರೆ ಕಾನೂನಿನ ಓಣಿಯೇ ಬೇರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಎತ್ತಿ ಹಿಡಿಯಿತು. ಆ ತೀರ್ಪನ್ನು ಇಲ್ಲಿಗೆ ತಂದು ಅಂಟಿಸಿದರೆ ಅಂಟುವುದಿಲ್ಲ.

ಎರಡನೆಯದು ಭಾಷೆ. "ಸದರಿ", "ಮೊಬಲಗು", "ಪಾವತಿಸತಕ್ಕದ್ದು". ಇದು ತಾಲೂಕು ಕಚೇರಿ ಹತ್ತಿರದ ಪತ್ರ ಬರಹಗಾರರ ಕೈ. ದೊಡ್ಡ ಕಂಪನಿಯ ಇಂಗ್ಲಿಷ್ ಫಾರಂ ಅಲ್ಲ. ಹಳೆಯ ಯಾವುದೋ ಕರಾರನ್ನು ಕಂಪ್ಯೂಟರಿನಲ್ಲಿ ತೆರೆದು ಹೆಸರು, ಮೊತ್ತ ಬದಲಿಸಿ ಪ್ರಿಂಟು ತೆಗೆದಿರುವ ಸಾಧ್ಯತೆ ಹೆಚ್ಚು. ಹಾಗೆ ಮಾಡಿದಾಗ ಒಂದು ಷರತ್ತು ಇನ್ನೊಂದರ ಜೊತೆ ಜಗಳ ಆಡುತ್ತಿರುತ್ತದೆ.

ಮೂರನೆಯದು ತಲೆಯಲ್ಲಿರುವ "11" ಎಂಬ ಅಂಕಿ. ಇದಕ್ಕೆ ಮುಂಚೆ ಹತ್ತು ಷರತ್ತುಗಳಿವೆ. "ಮೊದಲ 24 ತಿಂಗಳು" ಅನ್ನಬೇಕಾದರೆ ಕರಾರಿನ ಒಟ್ಟು ಅವಧಿ ಎಷ್ಟೆಂದು ಆ ಹತ್ತರಲ್ಲಿ ಎಲ್ಲೋ ಬರೆದಿರಲೇಬೇಕು. ಇದನ್ನು ನಾನು ಗಮನಿಸಿದೆ, ಆದರೆ ಸಾಕಷ್ಟು ತೂಕ ಕೊಡಲಿಲ್ಲ. ಇಡೀ ಪ್ರಕರಣದ ಗಂಟು ಅಲ್ಲೇ ಇತ್ತೆಂದು ಮರುದಿನ ತಿಳಿಯಿತು.

ಇಷ್ಟರ ಮೇಲೆ ಊಹೆ ಮೂರಕ್ಕೆ ಇಳಿಯಿತು: ಅಂಗಡಿ ಅಥವಾ ಮನೆಯ ಬಾಡಿಗೆ, ಪಿಜಿ ಅಥವಾ ಹಾಸ್ಟೆಲ್ಲು, ಇಲ್ಲವೇ ಜೆರಾಕ್ಸ್ ಮೆಷಿನ್ನಿನಂಥ ಯಾವುದಾದರೂ ಯಂತ್ರದ ಬಾಡಿಗೆ. ಕೊನೆಯದು ಕಾನೂನಿನ ದೃಷ್ಟಿಯಲ್ಲಿ ಅಂಗಡಿ ಬಾಡಿಗೆಯಿಂದ ತುಂಬ ದೂರವಿಲ್ಲ, ಬಿಡಿ. ಮೊದಲೆರಡರ ನಡುವೆ ಮಾತ್ರ ಅಜಗಜಾಂತರ ಇದೆ.

ಪಿಜಿ ಎಂದುಕೊಳ್ಳೋಣ. ಕೋಚಿಂಗಿಗೆ ಬಂದ ಹುಡುಗಿ, ಅವಳ ಅಪ್ಪ ಠೇವಣಿ ಕಟ್ಟಿದ್ದಾರೆ. ಆಗ ಅವರು ಗ್ರಾಹಕರು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಾಗಿಲು ತೆರೆಯುತ್ತದೆ. ಆ ಕಾಯ್ದೆಯ 2(46)ನೇ ಕಲಮಿನಲ್ಲಿ "ಅನ್ಯಾಯದ ಕರಾರು" ಎಂದರೇನು ಎಂದೇ ಬರೆದಿದೆ. ಆಗುವ ನಷ್ಟಕ್ಕೆ ತಾಳಮೇಳವಿಲ್ಲದಷ್ಟು ದಂಡ ಹಾಕುವುದು ಅದರಲ್ಲೊಂದು. ತಕ್ಕ ಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವ ಹಕ್ಕು ಇಟ್ಟುಕೊಳ್ಳುವುದು ಇನ್ನೊಂದು. ನಮ್ಮ ಹನ್ನೊಂದನೇ ಷರತ್ತು ಎರಡಕ್ಕೂ ಸಿಕ್ಕಿಬೀಳುತ್ತದೆ. ಆ ದೂರನ್ನು ಜಿಲ್ಲಾ ಆಯೋಗದಲ್ಲಿ ಕೊಡಲು ಬರುವುದಿಲ್ಲ, ರಾಜ್ಯ ಆಯೋಗಕ್ಕೇ ಹೋಗಬೇಕು ಅನ್ನುವ ತೊಡಕಿದೆ. ಆದರೂ "ನ್ಯಾಯವೇ?" ಎಂಬ ಪ್ರಶ್ನೆಗೆ "ಅಲ್ಲ" ಎಂದು ಕಾಯ್ದೆಯ ಮಾತಿನಲ್ಲೇ ಹೇಳಬಹುದು.

ಇನ್ನು ಅಂಗಡಿ. ವ್ಯಾಪಾರಕ್ಕೆಂದು ಮಳಿಗೆ ಹಿಡಿದವನು ಆ ಕಾಯ್ದೆಯ ಅರ್ಥದಲ್ಲಿ ಗ್ರಾಹಕನಲ್ಲ. ಗ್ರಾಹಕರ ಆಚೆಗೆ, ಕರಾರು ನ್ಯಾಯವಾಗಿದೆಯೇ ಎಂದು ಅಳೆಯುವ ಸಾಮಾನ್ಯ ಕಾಯ್ದೆಯೇ ನಮ್ಮ ದೇಶದಲ್ಲಿ ಇಲ್ಲ. ಅಂಥದ್ದೊಂದು ಬೇಕೆಂದು ಕಾನೂನು ಆಯೋಗ 2006ರಲ್ಲಿ ತನ್ನ 199ನೇ ವರದಿ ಕೊಟ್ಟಿತು, ಕಾಯ್ದೆ ಆಗಲಿಲ್ಲ. ಜನ ಇಲ್ಲಿ 1986ರ ಬ್ರೋಜೋನಾಥ್ ಗಂಗೂಲಿ ತೀರ್ಪನ್ನು ಎಳೆದು ತರುತ್ತಾರೆ. ಅಲ್ಲೂ ಹೀಗೇ ಮೂರು ತಿಂಗಳ ನೋಟಿಸಿನ ಮಾತಿತ್ತು: ಸರ್ಕಾರಿ ಕಂಪನಿಯೊಂದು ಕಾಯಂ ನೌಕರನನ್ನು ಕಾರಣ ಹೇಳದೆ ಮೂರು ತಿಂಗಳ ನೋಟಿಸಿನ ಮೇಲೆ ತೆಗೆಯಬಹುದೆಂಬ ನಿಯಮ. ಬಲಾಬಲ ಇಷ್ಟು ಏರುಪೇರಾಗಿರುವಾಗ ಇಂಥ ನಿಯಮ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟು ಹೊಡೆದು ಹಾಕಿತು. ಆದರೆ ಅದೇ ತೀರ್ಪಿನಲ್ಲಿ, ಇಬ್ಬರೂ ವ್ಯಾಪಾರಸ್ಥರಾಗಿದ್ದು ಅದು ವ್ಯಾಪಾರದ ಕರಾರಾಗಿದ್ದರೆ ಈ ತತ್ವ ಅನ್ವಯಿಸದೆಯೂ ಇರಬಹುದು ಎಂದಿದೆ. ಆ ಸಾಲನ್ನು ಯಾರೂ ಓದಿ ಹೇಳುವುದಿಲ್ಲ.

ಹಾಗಾದರೆ ಅಂಗಡಿಯ ಬಾಡಿಗೆದಾರನಿಗೆ ರಕ್ಷಣೆಯೇ ಇಲ್ಲವೇ? ಇದೆ, ಆದರೆ ಅದು "ನ್ಯಾಯ" ಎಂಬ ಹೆಸರಿನಲ್ಲಿ ಬರುವುದಿಲ್ಲ, ಲೆಕ್ಕದ ರೂಪದಲ್ಲಿ ಬರುತ್ತದೆ. 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳುವುದಿಷ್ಟು: ಕರಾರು ಮುರಿದರೆ ಇಂತಿಷ್ಟು ಕೊಡಬೇಕು ಎಂದು ಬರೆದುಕೊಂಡಿದ್ದರೂ ಸಿಗುವುದು ತಕ್ಕಷ್ಟು ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲ್ಮಿತಿ, ಅದೇ ಪರಿಹಾರವಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನನಗೆ ಇಷ್ಟವಾದ ಉದಾಹರಣೆ 2015ರ ಕೈಲಾಶ್ ನಾಥ್ ಪ್ರಕರಣ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಒಂದು ನಿವೇಶನ ಹರಾಜು ಹಾಕಿತ್ತು. 3.12 ಕೋಟಿಗೆ ಬಿಡ್ ಕೂಗಿದವರು 78 ಲಕ್ಷ ಮುಂಗಡ ಕಟ್ಟಿದ್ದರು. ವ್ಯವಹಾರ ಮುರಿದುಬಿತ್ತು, ಪ್ರಾಧಿಕಾರ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡಿತು. ಆಮೇಲೆ ಅದೇ ನಿವೇಶನ 11.78 ಕೋಟಿಗೆ ಹೋಯಿತು. ಕರಾರು ಮುರಿದದ್ದೇ ಬಿಡ್ ಕೂಗಿದವರಲ್ಲ ಎಂದಿತು ಸುಪ್ರೀಂ ಕೋರ್ಟು. ಅದರ ಜೊತೆಗೆ, ನಷ್ಟವೇ ಆಗದಿದ್ದಾಗ ಪರಿಹಾರ ಯಾವುದಕ್ಕೆ ಎಂದೂ ಕೇಳಿ ಮುಂಗಡ ವಾಪಸ್ ಕೊಡಿಸಿತು. ಅಂಗಡಿಗೂ ಇದೇ ಮಾತು. ಬಾಡಿಗೆದಾರ ಖಾಲಿ ಮಾಡಿದ ಮುಂದಿನ ತಿಂಗಳೇ ಹೊಸಬರು ಬಂದು ಅಷ್ಟೇ ಬಾಡಿಗೆ ಕೊಟ್ಟರೆ, ಉಳಿದ ತಿಂಗಳುಗಳ ಬಾಡಿಗೆಯನ್ನು ಮಾಲೀಕ ಎರಡೆರಡು ಸಲ ಎಣಿಸಿಕೊಳ್ಳುವಂತಿಲ್ಲ.

ಇದೆಲ್ಲ ತಲೆಯಲ್ಲಿಟ್ಟುಕೊಂಡು ಕೊನೆಗೆ ಕಳಿಸಿದ ಉತ್ತರ ಇದು:

"ನಮಸ್ಕಾರ. ಈ ಷರತ್ತಿನ ಅರ್ಥ: ಎರಡನೇ ಪಾರ್ಟಿ ಎರಡು ವರ್ಷದೊಳಗೆ ಬಿಟ್ಟರೆ ಉಳಿದಷ್ಟೂ ತಿಂಗಳ ದುಡ್ಡು ಕೊಡಬೇಕು. ಒಂದನೇ ಪಾರ್ಟಿ ಮಾತ್ರ ಮೂರು ತಿಂಗಳ ನೋಟಿಸಿನ ಮೇಲೆ ಬಿಡಬಹುದು. ಓದುವುದಕ್ಕೆ ಒಂದನೇ ಪಾರ್ಟಿ ಕಡೆ ವಾಲಿದೆ. ನೀವು ಎರಡನೇ ಪಾರ್ಟಿಯಾದರೆ ಸಹಿಗೆ ಮುಂಚೆ ಇದನ್ನು ಬದಲಿಸಿಕೊಳ್ಳಬೇಕು. ನೀವು ಒಂದನೇ ಪಾರ್ಟಿಯಾದರೆ, ಬರೆದಷ್ಟು ದುಡ್ಡು ಕೋರ್ಟಿನಲ್ಲಿ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಮೂರು ವಿಷಯ ತಿಳಿಸಿ: ನೀವು ಎಷ್ಟನೇ ಪಾರ್ಟಿ? ಏನನ್ನು ಬಾಡಿಗೆಗೆ ಕೊಟ್ಟ ಕರಾರು? ಸಹಿ ಆಗಿದೆಯಾ?"

ಮೂರನೇ ಪ್ರಶ್ನೆಯನ್ನು ಬಿಡಬಾರದು. ಸಹಿಗೆ ಮುಂಚೆ "ನ್ಯಾಯವೇ?" ಅಂದರೆ "ಏನು ಬದಲಿಸಿ ಎಂದು ಕೇಳಲಿ?" ಎಂದರ್ಥ. ಸಹಿಯಾದ ಮೇಲೆ ಅದೇ ಮಾತಿಗೆ "ಇದರಿಂದ ತಪ್ಪಿಸಿಕೊಳ್ಳಬಹುದೇ?" ಎಂಬ ಅರ್ಥ ಬರುತ್ತದೆ. ಕಾಡುತ್ತಿರುವುದೇನು ಎಂದು ನಾನು ಬೇಕೆಂದೇ ಕೇಳಲಿಲ್ಲ. ನೇರವಾಗಿ ಕೇಳಿದರೆ "ಸುಮ್ನೆ ನೋಡಿ ಅಂತ ಕಳಿಸಿದೆ ಸಾರ್" ಎಂಬ ಉತ್ತರ ಬರುತ್ತದೆ. ಉಳಿದದ್ದು ಸರಿಯಾಗಿ ಗೊತ್ತಾದರೆ ಅದು ತಾನೇ ಹೊರಬೀಳುತ್ತದೆ.

ಹತ್ತು ನಿಮಿಷಕ್ಕೆ ಉತ್ತರ: "ಅಂಗಡಿದು ಸಾರ್. ನಾವೇ ಒಂದನೇ ಪಾರ್ಟಿ. ಸೋಮವಾರ ಸಹಿ."

ಮಾಲೀಕರು! ಅಳಿಸಿದ ಆ ಮೊದಲ ಉತ್ತರ ಹೋಗಿದ್ದರೆ, ತಮಗೆ ಲಾಭವಾಗುವಂತೆ ಕಾಣುವ ಷರತ್ತಿಗೆ ಸಹಿ ಹಾಕಬೇಡಿ ಎಂದು ನಾನು ಹೇಳಿದಂತಾಗುತ್ತಿತ್ತು. ಅವರು ಗೊಂದಲಗೊಂಡು ಸುಮ್ಮನಾಗುತ್ತಿದ್ದರು.

ಮರುದಿನ ಬೆಳಿಗ್ಗೆ ಫೋನು ಮಾಡಿದರು. ನಿವೃತ್ತ ಶಿಕ್ಷಕಿ, ನನ್ನ ಹಳೆಯ ಕಕ್ಷಿದಾರರೊಬ್ಬರ ಅತ್ತಿಗೆ. ಯಜಮಾನರು ತೀರಿಕೊಂಡ ಮೇಲೆ ಬಸ್‌ಸ್ಟ್ಯಾಂಡ್ ರಸ್ತೆಯ ಮಳಿಗೆ ಖಾಲಿ ಇತ್ತಂತೆ. ರಕ್ತಪರೀಕ್ಷೆಯ ಲ್ಯಾಬು ನಡೆಸುವ ಕಂಪನಿಯೊಂದು ಕೇಳಿಕೊಂಡು ಬಂದಿದೆ. ಬಾಡಿಗೆ ತಿಂಗಳಿಗೆ 42,000, ನಮ್ಮ ಕಡೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸು 4,20,000.

"ಎಲ್ಲಾ ನಿಮ್ಮ ಕಡೆಗೇ ಇದೆಯಲ್ಲ ಅಮ್ಮ. ಮತ್ತೆ ಯಾಕೆ ಅನುಮಾನ ಬಂತು?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅದೇ ಸಾರ್. ಬಾಡಿಗೆಗೆ ಐನೂರು ರೂಪಾಯಿ ಇಳಿಸಿ ಅಂತ ಮೂರು ದಿನ ಜಗ್ಗಾಡಿದವರು, ಇದನ್ನ ಓದಿ ಒಂದು ಮಾತೂ ಆಡದೆ ಆಯ್ತು ಅಂದರು. ಅಷ್ಟು ಸಲೀಸಾಗಿ ಯಾಕೆ ಒಪ್ಪಿದರು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಅವರು ಹೇಳಿದಂಗೆ ಒಳಗಡೆ ಕೆಲಸ ಮಾಡಿಸೋಕೆ ಬ್ಯಾಂಕಲ್ಲಿ ಒಂಬತ್ತು ಲಕ್ಷ ಸಾಲ ಬೇರೆ ತಗೋತಿದೀನಿ."

ಅವರು ಕೇಳಿದ್ದ "ನ್ಯಾಯ" ಇದು. ಷರತ್ತು ಎದುರಿನವರಿಗೆ ಕಠಿಣವೋ ಅಲ್ಲವೋ ಎಂಬುದಲ್ಲ, ತಮ್ಮನ್ನು ಎರಡು ವರ್ಷ ಕಾಪಾಡುತ್ತದೋ ಇಲ್ಲವೋ ಎಂಬುದು. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಸುಳ್ಳು ಹಿಡಿದವರ ಅನುಮಾನ ಅದು, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಪೂರ್ತಿ ಕರಾರಿನ ಫೋಟೋ ಕಳಿಸಿ ಎಂದೆ. ನಾಲ್ಕು ಪುಟ ಬಂತು.

ಎರಡನೇ ಷರತ್ತಿನಲ್ಲಿ ಉತ್ತರ ಕೂತಿತ್ತು: "ಸದರಿ ಕರಾರಿನ ಅವಧಿ 11 ತಿಂಗಳು." ಮೂರನೆಯದರಲ್ಲಿ, ಅವಧಿ ಮುಗಿದ ಮೇಲೆ "ಉಭಯ ಪಾರ್ಟಿಯವರು ಒಪ್ಪಿದಲ್ಲಿ" ಶೇಕಡಾ 5 ಬಾಡಿಗೆ ಏರಿಸಿ ನವೀಕರಿಸಬಹುದು. ಆಮೇಲೆ ಹನ್ನೊಂದನೆಯದರಲ್ಲಿ 24 ತಿಂಗಳ ಲಾಕ್-ಇನ್.

ನಮ್ಮಲ್ಲಿ ಬಾಡಿಗೆ ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಎಂಬುದು ಎಲ್ಲರಿಗೂ ಅರ್ಧ ಗೊತ್ತು. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು. ಉಳಿದರ್ಧ ಜನರಿಗೆ ಗೊತ್ತಿರುವುದಿಲ್ಲ: ನೋಂದಾಯಿಸಬೇಕಾದ ಪತ್ರವನ್ನು ನೋಂದಾಯಿಸದಿದ್ದರೆ ಅದರೊಳಗಿನ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಮುಂದಿಡಲು 49ನೇ ಕಲಂ ಬಿಡುವುದಿಲ್ಲ. ಬಾಡಿಗೆದಾರ ಒಳಗಿದ್ದಾನೆ, ಬಾಡಿಗೆ ಕೊಡುತ್ತಿದ್ದಾನೆ ಎಂಬುದನ್ನು ತೋರಿಸಬಹುದು. ಆಗ ಅವನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆದಾರ. ಅಂಥವನು 15 ದಿನದ ನೋಟಿಸು ಕೊಟ್ಟು ಎದ್ದು ಹೋಗಬಹುದು.

ಈಗ ಈ ಕಾಗದವನ್ನು ಎರಡು ಕಡೆಯಿಂದ ಹಿಡಿದು ನೋಡಿ. ಇದು 11 ತಿಂಗಳ ಕರಾರು ಎಂದರೆ, ಹನ್ನೆರಡನೇ ತಿಂಗಳಿಗೆ ಕಂಪನಿ "ನಾವು ನವೀಕರಣಕ್ಕೆ ಒಪ್ಪುವುದಿಲ್ಲ" ಅಂದುಬಿಟ್ಟರೆ ಮುಗಿಯಿತು. ಮೂರನೇ ಷರತ್ತಿನ "ಒಪ್ಪಿದಲ್ಲಿ" ಎಂಬ ಒಂದು ಪದ ಅವರಿಗೆ ಬಾಗಿಲು ತೆರೆದಿಟ್ಟಿದೆ. ಇಲ್ಲ, ಇದು 24 ತಿಂಗಳು ಕಟ್ಟಿಹಾಕುವ ಕರಾರು ಎಂದರೆ, ನೋಂದಣಿ ಇಲ್ಲದ್ದರಿಂದ ಹನ್ನೊಂದನೇ ಷರತ್ತನ್ನು ಕೋರ್ಟಿನಲ್ಲಿ ಎತ್ತುವ ಹಾಗೇ ಇಲ್ಲ. ಯಾವ ತುದಿ ಹಿಡಿದರೂ ಹಗ್ಗ ಕೈಗೆ ಬರುವುದಿಲ್ಲ. ಕಂಪನಿಯವರು ಇದನ್ನು ತಿಳಿದೇ ಸುಮ್ಮನಿದ್ದರೋ, ಓದದೆ ಒಪ್ಪಿದರೋ, ನಾನು ಹೇಳಲಾರೆ. ಎರಡರಲ್ಲಿ ಯಾವುದಾದರೂ ಅಮ್ಮನ ಪಾಲಿಗೆ ಫಲ ಒಂದೇ.

ಇನ್ನು ಅವರ ಪರವಾಗಿದೆ ಎಂದು ಕಾಣುತ್ತಿದ್ದ ಕೊನೆಯ ವಾಕ್ಯ, ಮೂರು ತಿಂಗಳ ನೋಟಿಸಿನದು. ಎರಡು ವರ್ಷ ಬಾಡಿಗೆ ಬರುತ್ತದೆ ಎಂಬ ಭರವಸೆಯ ಮೇಲೆ ಸಾಲ ಮಾಡಿದೆ, ಕಂಪನಿ ಬಿಟ್ಟದ್ದರಿಂದ ನಷ್ಟವಾಯಿತು ಎಂದು ನಾಳೆ ಅಮ್ಮನೇ ವಾದಿಸಬೇಕಾಗುತ್ತದೆ. ಎದುರು ವಕೀಲ ಎದ್ದು ಕೇಳುವ ಮೊದಲ ಪ್ರಶ್ನೆ: "ಎರಡು ವರ್ಷದ ಭರವಸೆ ಅಷ್ಟು ಮುಖ್ಯವಾಗಿದ್ದರೆ, ಯಾವಾಗ ಬೇಕಾದರೂ ಮುರಿಯುವ ಹಕ್ಕನ್ನು ನೀವೇ ಯಾಕೆ ಇಟ್ಟುಕೊಂಡಿರಿ?" ಉಪಯೋಗಿಸುವ ಉದ್ದೇಶವೇ ಇಲ್ಲದ ಹಕ್ಕೊಂದು ತಮ್ಮ ಕೇಸನ್ನೇ ಸಡಿಲ ಮಾಡುತ್ತಿತ್ತು. ಕೇಳಿದಾಗ, "ಅದು ಅಲ್ಲಿತ್ತು ಅಂತ ಇದೆ ಸಾರ್, ನಾನು ಹೇಳಿ ಬರೆಸಿದ್ದಲ್ಲ," ಅಂದರು. ಹಳೆಯ ಕರಾರಿನ ಪಳೆಯುಳಿಕೆ.

ಶನಿವಾರ ಮಧ್ಯಾಹ್ನ ಕೂತು ಲೆಕ್ಕ ಹಾಕಿದೆವು. ಕಂಪನಿ ಏಳು ತಿಂಗಳಿದ್ದು ಬಿಟ್ಟಿತು ಎಂದಿಟ್ಟುಕೊಳ್ಳಿ. ಬರೆದಿರುವ ಪ್ರಕಾರ ಉಳಿದ 17 ತಿಂಗಳಿಗೆ 7,14,000 ಕೊಡಬೇಕು. ಅಡ್ವಾನ್ಸು ಮುರಿದುಕೊಂಡರೂ 2,94,000ಕ್ಕೆ ದಾವೆ ಹೂಡಬೇಕು. ಕರಾರು ನೋಂದಣಿಯಾಗಿದ್ದರೂ 74ನೇ ಕಲಮಿನ ಮುಂದೆ ಆ ಪೂರ್ತಿ ಮೊತ್ತ ನಿಲ್ಲುವುದು ಕಷ್ಟ.

ಹಾಗಾದರೆ ನಿಜವಾಗಿ ಆಗುವ ನಷ್ಟವೆಷ್ಟು? ಆ ರಸ್ತೆಯಲ್ಲಿ ಹೊಸ ಬಾಡಿಗೆದಾರ ಸಿಗಲು ಮೂರು ತಿಂಗಳು ಎಂದು ಅವರೇ ಅಂದಾಜು ಮಾಡಿದರು, ಹಿಂದಿನ ಸಲ ಹಾಗೇ ಆಗಿತ್ತಂತೆ. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಒಟ್ಟು ನಾಲ್ಕು ತಿಂಗಳು, 1,68,000. ಇನ್ನು ಒಂಬತ್ತು ಲಕ್ಷದ ಕೆಲಸ. ಅದನ್ನು ಎರಡು ಪಾಲು ಮಾಡಿದೆವು. ನೆಲಹಾಸು, ಶಟರು, ಮೇಲ್ಛಾವಣಿಯ ದುರಸ್ತಿ ಸೇರಿ 5,40,000 ರೂಪಾಯಿಯದು ಮುಂದೆ ಯಾರು ಬಂದರೂ ಬಳಕೆಗೆ ಬರುತ್ತದೆ, ಅದನ್ನು ಕಂಪನಿಯ ತಲೆಗೆ ಕಟ್ಟುವಂತಿಲ್ಲ. ಆದರೆ ರಕ್ತ ತೆಗೆಯುವುದಕ್ಕೆಂದು ನಾಲ್ಕು ಪುಟ್ಟ ಗೂಡುಗಳು, ಪ್ರತಿ ಗೂಡಿಗೊಂದು ಸಿಂಕು, ಅದಕ್ಕೆ ಬೇರೆ ನೀರಿನ ಪೈಪು, ಫ್ರಿಜ್ಜುಗಳಿಗೆ ಬೇರೆ ವೈರಿಂಗು, ಇವು 3,60,000. ನಾಳೆ ಬಟ್ಟೆ ಅಂಗಡಿಯವರು ಬಂದರೆ ಮೊದಲು ಒಡೆಸುವುದು ಇದನ್ನೇ. ಇದು ಕಂಪನಿಗಾಗಿಯೇ ಮಾಡಿದ ಖರ್ಚು. 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 15,000, ಉಳಿದ 17 ತಿಂಗಳಿಗೆ 2,55,000. ಬಾಡಿಗೆಯ ನಷ್ಟ ಸೇರಿಸಿದರೆ 4,23,000.

ಆ ಅಂಕಿ ನೋಡಿ ಅಮ್ಮ ನಕ್ಕರು. ಕೈಯಲ್ಲಿರುವ ಅಡ್ವಾನ್ಸಿಗಿಂತ ಮೂರೇ ಸಾವಿರ ಹೆಚ್ಚು. ಕಾಗದದ ಮೇಲಿನ ಏಳು ಲಕ್ಷಕ್ಕಿಂತ, ಬಿಲ್ಲು ತೋರಿಸಿ ಸಮರ್ಥಿಸಬಹುದಾದ, ಕೋರ್ಟು ಹತ್ತದೆ ಕೈಯಲ್ಲೇ ಉಳಿಯುವ ನಾಲ್ಕು ಲಕ್ಷ ವಾಸಿ.

ಹೊಸ ಕರಡಿನಲ್ಲಿ ಮೂರು ಬದಲಾವಣೆ ಮಾಡಿದೆ. ಅವಧಿಯನ್ನು 36 ತಿಂಗಳೆಂದು ನೇರವಾಗಿ ಬರೆದು ನೋಂದಣಿ ಮಾಡಿಸುವುದು. ಉಳಿದ ಪೂರ್ತಿ ಬಾಡಿಗೆಯ ಬದಲು ಮೇಲಿನ ಲೆಕ್ಕವನ್ನೇ ಷರತ್ತಾಗಿಸುವುದು, ಕೆಲಸದ ವಿವರವನ್ನು ಮೊತ್ತಸಹಿತ ಅನುಬಂಧದಲ್ಲಿ ಸೇರಿಸುವುದು. ಮಾಲೀಕರು ಮುರಿಯುವ ಹಕ್ಕನ್ನು ಎರಡು ತಿಂಗಳ ಬಾಡಿಗೆ ಬಾಕಿ ಉಳಿದಾಗ, ಇಲ್ಲವೇ ಕಂಪನಿ ಬೇರೆಯವರಿಗೆ ಒಳಬಾಡಿಗೆ ಕೊಟ್ಟಾಗ ಮಾತ್ರ ಎಂದು ಕುಗ್ಗಿಸುವುದು. ಬಾಡಿಗೆದಾರನಿಗೆ ಈ ಕರಡು ಮೊದಲಿಗಿಂತ ಎಷ್ಟೋ ಮೃದು. ಮಾಲೀಕರಿಗೆ ಎಷ್ಟೋ ಗಟ್ಟಿ.

ಈ ಸಲ ಕಂಪನಿ ಸಲೀಸಾಗಿ ಒಪ್ಪಲಿಲ್ಲ, ಅದೇ ನನಗೆ ಸಮಾಧಾನ. ಸೋಮವಾರದ ಸಹಿ ಮುಂದಕ್ಕೆ ಹೋಯಿತು. ಬೆಂಗಳೂರಿನ ಕಚೇರಿಯಿಂದ ಫೋನು ಬಂತು, ಲಾಕ್-ಇನ್ 12 ತಿಂಗಳು ಸಾಕು ಅಂದರು. ನಾವು 24 ಎಂದು ಹಿಡಿದೆವು. ನಾಲ್ಕು ದಿನದ ಹಗ್ಗಜಗ್ಗಾಟದ ಮೇಲೆ 18ಕ್ಕೆ ಬಂದು ನಿಂತಿತು, ನೋಂದಣಿಯ ಖರ್ಚು ಅರ್ಧ ಅರ್ಧ. 3,60,000ವನ್ನು 18ಕ್ಕೆ ಹಂಚಿದರೆ ತಿಂಗಳಿಗೆ 20,000. ಏಳು ತಿಂಗಳಿಗೆ ಬಿಟ್ಟರೆ ಉಳಿದ 11ಕ್ಕೆ 2,20,000, ಬಾಡಿಗೆಯ 1,68,000 ಸೇರಿ 3,88,000. ಅಡ್ವಾನ್ಸಿನೊಳಗೇ ಮುಗಿಯುತ್ತದೆ.

ಕೆಲಸ ಶುರುವಾದ ಮೇಲೆ ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳಿ, ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ ಎಂದು ಹೇಳಿದ್ದೆ. ಕಳೆದ ವಾರ ಮತ್ತೆ ವಾಟ್ಸಾಪ್ ಬಂತು. ನೋಟುಬುಕ್ಕಿನ ಹಾಳೆಯ ಫೋಟೋ, ಅದರ ಮೇಲೆ ಬಡಗಿಯ ಕೈಬರಹದಲ್ಲಿ "4 ಪಾರ್ಟಿಷನ್, ಒಟ್ಟು 1,12,000". ಕೆಳಗೆ ಒಂದೇ ಸಾಲು: "ಇದು ಸರಿ ಇದೆಯಾ ಸಾರ್?" ತಾರೀಖು ಹಾಕಿಸಿ, ಮಳಿಗೆಯ ವಿಳಾಸ ಬರೆಸಿ, ಅವನ ಸಹಿ ತಗೊಳ್ಳಿ ಅಮ್ಮ ಎಂದು ಬರೆದೆ.